ಉತ್ತರ ಬರೀಬ್ಯಾಡ್ರಿ ಎಂದ ಗೆಳತಿಗೆ

ಸ್ತನ ಕ್ಯಾನ್ಸರಿಗಾಗಿ ಬೆಳಗಾವಿಯಲ್ಲಿ ನಡೆದಿದ್ದ ನನ್ನ ಕಿಮೋಥೆರಪಿಯ ಕೊನೆಯ ಸುತ್ತು ಕಳೆದ ವಾರ ಮುಗಿಯಿತು. ಇಷ್ಟು ದಿನ ವಿಚಾರಿಸಿದ, ಹರಕೆ ಹೊತ್ತ, ಮನೆ ಬಾಗಿಲಿಗೆ ಬಂದು ಹೋದ ಎಲ್ಲರಿಗೂ ಬಾಗಲಕೋಟೆಯ ನಮ್ಮ ಮನೆಯವರ ಪರವಾಗಿ ನಮಸ್ಕಾರಗಳು. ಎಲ್ಲರ ಹೆಸರು ಹಿಡಿದು ಬರೆಯಲು ಹೋದರೆ ಯಾರನ್ನಾದರೂ ಬಿಟ್ಟೇ ಬಿಡುತ್ತೇನೆ. ಆದ್ದರಿಂದ ಈ ಬರಹದಲ್ಲಿ ಒಬ್ಬಳಿಗೆ, ಅವಳು ಕಳಿಸಿದ ಒಂದು ಸಂದೇಶಕ್ಕೆ ಮಾತ್ರ ವಿವರವಾಗಿ ಕೃತಜ್ಞತೆ ಹೇಳುತ್ತೇನೆ. ಅವಳು ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹೆಸರು ಹಾಕಬಾರದೆಂದು ಅವಳೇ ತಾಕೀತು ಮಾಡಿದ್ದಾಳೆ.

ಕಾಯಿಲೆಯ ಸುದ್ದಿ ಹರಡಿದ ವಾರ ನನ್ನ ಫೋನು ಸಂದೇಶಗಳಿಂದ ತುಂಬಿಹೋಗಿತ್ತು. ಕಳಿಸಿದವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಔಷಧಿ ಏರಿಸಿದ ನಂತರದ ಮೂರು ನಾಲ್ಕು ದಿನ ವಾಕರಿಕೆ, ಸುಸ್ತು ಎಷ್ಟಿರುತ್ತದೆಂದರೆ, ಪ್ರತಿಯೊಂದಕ್ಕೂ ‘ಥ್ಯಾಂಕ್ಸ್, ಈಗ ಪರವಾಗಿಲ್ಲ’ ಎಂದು ಬರೆಯುವುದೂ ಒಂದು ಕೆಲಸವೇ ಆಗುತ್ತದೆ. ‘ಏನು ಬೇಕಾದರೂ ಹೇಳಿ’ ಎಂಬ ಮಾತು ಬಂದಾಗಲಂತೂ, ಏನು ಬೇಕು, ಅದು ಯಾರಿಂದ ಆದೀತು, ಅವರನ್ನು ಕೇಳುವುದು ಸರಿಯೇ ಎಂದು ಯೋಚಿಸುವ ಭಾರವೂ ಮಲಗಿದವರ ಮೇಲೆಯೇ ಬೀಳುತ್ತದೆ. ನಾನು ಯಾರಿಗೂ ಏನನ್ನೂ ಹೇಳಲಿಲ್ಲ. ನಮ್ಮ ಕಡೆ ಹಾಗೆ ಕೇಳುವ ರೂಢಿಯೂ ಇಲ್ಲ.

ಈ ಗೆಳತಿ ಕೂಡ ಮೊದಲು ಬರೆದದ್ದು ಅಂಥ ಸಂದೇಶವನ್ನೇ ಎಂಬುದು ನನಗೆ ತಿಂಗಳ ನಂತರ ತಿಳಿಯಿತು. ಕಳಿಸದೆ ಉಳಿಸಿಕೊಂಡಿದ್ದ ಆ ಬರಹವನ್ನು ತನ್ನ ಫೋನಿನಲ್ಲಿ ತೋರಿಸಿ ನಕ್ಕಳು. ಅವಳ ಒಪ್ಪಿಗೆಯಿಂದಲೇ ಅದನ್ನು ಇಲ್ಲಿ ಕೊಡುತ್ತಿದ್ದೇನೆ:

‘ಅಕ್ಕಾ, ನಿಮ್ಮ ಅನಾರೋಗ್ಯದ ಸುದ್ದಿ ಕೇಳಿ ತುಂಬಾ ಆಘಾತವಾಯಿತು. ದೇವರು ದೊಡ್ಡವನು, ಎಲ್ಲಾ ಒಳ್ಳೆಯದಾಗುತ್ತದೆ. ನೀವು ಗಟ್ಟಿಗಿತ್ತಿ, ಧೈರ್ಯವಾಗಿರಿ. ಶೀಘ್ರ ಗುಣಮುಖರಾಗಿ ಬನ್ನಿರೆಂದು ಪ್ರಾರ್ಥಿಸುತ್ತೇನೆ. ಏನೇ ಬೇಕಾದರೂ ಸಂಕೋಚವಿಲ್ಲದೆ ಹೇಳಿ, ನಾವಿದ್ದೇವೆ.’

ಬರೆದು ಮುಗಿಸಿ ಓದಿದಾಗ, ಇದನ್ನು ಕಾಲು ಮುರಿದವರಿಗೂ ಕಳಿಸಬಹುದು, ಕಾಮಾಲೆಯಾದವರಿಗೂ ಕಳಿಸಬಹುದು ಅನ್ನಿಸಿತಂತೆ. ಕಳಿಸುವುದನ್ನು ನಿಲ್ಲಿಸಿ, ನಮ್ಮ ಯಜಮಾನರಿಗೆ ಫೋನು ಮಾಡಿ ಎರಡೇ ಪ್ರಶ್ನೆ ಕೇಳಿದಳು: ಮುಂದಿನ ಔಷಧಿ ಯಾವ ದಿನ, ಅದಕ್ಕೂ ಮುಂಚೆ ನಿಮಗೆ ಅತಿ ಹೆಚ್ಚು ತೊಡಕಾಗುವ ಕೆಲಸ ಯಾವುದು? ಕಾಯಿಲೆ ಯಾವ ಹಂತದ್ದು, ಡಾಕ್ಟರು ಏನೆಂದರು ಎಂದು ಕೇಳಲಿಲ್ಲ. ಯಜಮಾನರು ದಿನಾಲೂ ಮುಧೋಳಕ್ಕೆ ನೌಕರಿಗೆ ಹೋಗಿಬರುವವರು. ಪ್ರತಿ ಸುತ್ತಿಗೂ ರಕ್ತ ಪರೀಕ್ಷೆಗೆ ಒಂದು ರಜೆ, ಬೆಳಗಾವಿಗೆ ಒಂದು ರಜೆ ಹಾಕಬೇಕಾಗುತ್ತದೆ, ಮೊದಲನೆಯದು ತಪ್ಪಿದರೆ ಸಾಕಾಗಿದೆ ಎಂದು ಅವರು ಹೇಳಿದರು. ಆ ರಾತ್ರಿ ನನಗೆ ಬಂದ ಸಂದೇಶ ಇದು:

‘ಅಕ್ಕಾ, ಸುದ್ದಿ ಗೊತ್ತಾತು. ನಿಮ್ಮ ಒಂಬತ್ತನೇ ಕ್ಲಾಸಿಗೆ ಈ ವಾರ ನಾನ ಹೊಂಟೀನಿ, ಹುಡುಗ್ರು ನೀವು ಬೋರ್ಡಿನ ಮ್ಯಾಲೆ ತಗೀತಿದ್ದ ಹಂಗ ನಕಾಶೆ ತಗೀರಿ ಅಂತ ಗಂಟು ಬಿದ್ದಾರ. ಮುಂದಿನ ಕಿಮೋದ ಹಿಂದಿನ ದಿನ ರಕ್ತ ತಪಾಸಣಿ ಐತಂತ. ಅವತ್ತ ಮುಂಜಾನೆ ಏಳೂವರಿಗೆ ಲ್ಯಾಬಿನ ಹುಡುಗನ್ನ ನಿಮ್ಮ ಮನಿಗೇ ಕರಕೊಂಡು ಬರ್ತೀನಿ, ಮಧ್ಯಾಹ್ನ ರಿಪೋರ್ಟ್ ಇಸಗೊಂಡು ಮಾಮಾರ ಫೋನಿಗೆ ಹಾಕ್ತೀನಿ. ಬ್ಯಾಡಾದ್ರ ಬ್ಯಾಡ ಅಂತ ಒಂದ ಮಾತು ಹಾಕ್ರಿ, ಹಾಕದಿದ್ರ ಬರ್ತೀನಿ. ಸದ್ಯ ಈ ಒಂದ ಸಲದ್ದು, ಮುಂದಿಂದು ಆಮ್ಯಾಲೆ ನೋಡೋಣು. ಉತ್ತರ ಬರೀಬ್ಯಾಡ್ರಿ, ಮಲಕೋರಿ.’

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಆಘಾತ, ದೇವರು, ಧೈರ್ಯ, ಗುಣಮುಖ ಇವೆಲ್ಲ ಹೋಗಿವೆ. ಅವಳು ದೈವಭಕ್ತೆಯೇ, ಪ್ರತಿ ವರ್ಷ ಬನಶಂಕರಿ ಜಾತ್ರೆ ತಪ್ಪಿಸುವವಳಲ್ಲ. ಆದರೆ ‘ಎಲ್ಲಾ ಒಳ್ಳೆಯದಾಗುತ್ತದೆ’ ಎಂಬ ಭರವಸೆಯನ್ನು ವೈದ್ಯರೇ ಕೊಡದಿರುವಾಗ ತಾನು ಹೇಗೆ ಕೊಡಲಿ ಎಂಬುದು ಅವಳ ಪ್ರಶ್ನೆ. ‘ಗಟ್ಟಿಗಿತ್ತಿ’ ಎಂಬ ಪದವನ್ನು ತೆಗೆದದ್ದಕ್ಕೆ ನಾನು ವಿಶೇಷವಾಗಿ ಋಣಿ, ಏಕೆಂದರೆ ಹಾಗೆ ಕರೆಸಿಕೊಂಡವಳು ಅವರ ಮುಂದೆ ಅಳುವುದು ಕಷ್ಟ. ನಕಾಶೆಯ ಒಂದು ಸಾಲು ಮಾತ್ರ ಸಹಾಯಕ್ಕೆ ಸಂಬಂಧಿಸಿದ್ದಲ್ಲ. ಆದರೂ ಸಮಾಜ ವಿಜ್ಞಾನ ಕಲಿಸುವ ನನಗೆ ಆ ಸಂದೇಶದಲ್ಲಿ ಮೊದಲು ನಗು ತಂದದ್ದು ಅದೇ ಸಾಲು. ಅದನ್ನು ನನ್ನನ್ನು ಬಲ್ಲವರು ಬಿಟ್ಟು ಬೇರೆಯವರು ಬರೆಯಲಾಗುತ್ತಿರಲಿಲ್ಲ.

ರಕ್ತ ಪರೀಕ್ಷೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅವಳ ಕೊಡುಗೆಯ ಬೆಲೆ ಅಲ್ಲಿದೆ. ನನಗೆ ಔಷಧಿ ಕೊಡುತ್ತಿದ್ದದ್ದು 21 ದಿನಗಳಿಗೊಮ್ಮೆ. ಆ ಔಷಧಿ ಕ್ಯಾನ್ಸರಿನ ಜೀವಕೋಶಗಳ ಜೊತೆಗೆ, ಮೂಳೆಯ ಮಜ್ಜೆಯಲ್ಲಿ ಬೇಗಬೇಗ ಹುಟ್ಟುವ ಬಿಳಿ ರಕ್ತಕಣಗಳ ಮೇಲೂ ಪೆಟ್ಟು ಹಾಕುತ್ತದೆ. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಅವುಗಳ ಸಂಖ್ಯೆ ತಳ ಮುಟ್ಟಿ, ಮೂರನೆಯ ವಾರಕ್ಕೆ ಮತ್ತೆ ಏರಬೇಕು. ಸೋಂಕಿನೊಡನೆ ಮೊದಲು ಸೆಣಸುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ಸಾಕಷ್ಟು ಏರದಿದ್ದರೆ ಮುಂದಿನ ಔಷಧಿ ಕೊಡುವುದಿಲ್ಲ. ಔಷಧಿಯ ಬಗೆಯನ್ನು ನೋಡಿಕೊಂಡು ವೈದ್ಯರು ಒಂದು ಮೈಕ್ರೋಲೀಟರ್ ರಕ್ತಕ್ಕೆ 1,000 ಅಥವಾ 1,500ರ ಗಡಿ ಇಟ್ಟುಕೊಳ್ಳುತ್ತಾರೆ, ನನಗೆ ಹೇಳಿದ್ದು 1,500. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿ ಮುಟ್ಟಲು ಮೂರೂವರೆ ನಾಲ್ಕು ತಾಸು ಬೇಕು. ಅಲ್ಲಿಗೆ ಹೋದ ಮೇಲೆ ರಕ್ತ ಕೊಟ್ಟು, ಕಣಗಳು ಕಡಿಮೆ ಇವೆ ಎಂದು ಹೇಳಿಸಿಕೊಂಡು ಅದೇ ದಾರಿಯಲ್ಲಿ ವಾಂತಿಯ ಚೀಲ ಹಿಡಿದು ಮರಳುವವರನ್ನು ನಾನು ಡೇ ಕೇರ್ ವಾರ್ಡಿನಲ್ಲಿ ಕಂಡಿದ್ದೇನೆ.

ನನಗೂ ಒಮ್ಮೆ ಹಾಗೆಯೇ ಆಗಬೇಕಿತ್ತು. ಆ ಸಲದ ರಿಪೋರ್ಟಿನಲ್ಲಿ ಒಟ್ಟು ಬಿಳಿಕಣ 2,400 ಎಂದೂ ನ್ಯೂಟ್ರೋಫಿಲ್ ಶೇಕಡಾ 35 ಎಂದೂ ಇತ್ತು. ಯಜಮಾನರು ಶೇಕಡಾವಾರು ಅಂಕಿಯನ್ನಷ್ಟೇ ನೋಡಿ ‘ನಡೀತದ ಬಿಡು’ ಎಂದಿದ್ದರು. ಗೆಳತಿ ಮಾತ್ರ ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ 2,400ರ ಶೇಕಡಾ 35 ತೆಗೆದು 840 ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು ಫೋಟೋ ಕಳಿಸಿದಳು. ಆ ಫೋಟೋವನ್ನು ಮಧ್ಯಾಹ್ನವೇ ಆಸ್ಪತ್ರೆಗೆ ಕಳಿಸಿದೆವು. ನಾಳೆ ಬರಬೇಡಿರಿ, ಒಂದು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿರಿ, ಅಷ್ಟರಲ್ಲಿ 100.4 ಡಿಗ್ರಿ ಜ್ವರ ಬಂದರೆ ರಾತ್ರಿಯಾದರೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿರಿ ಎಂದು ಅಲ್ಲಿಂದ ಫೋನು ಬಂತು. ಗೊತ್ತುಮಾಡಿದ್ದ ಕಾರನ್ನು ಬೇಡವೆಂದೆವು. ಅವಳು ವೈದ್ಯೆಯ ಹಾಗೆ ಸಲಹೆ ಕೊಡಲಿಲ್ಲ, ನನಗೇ ನೇರವಾಗಿ ಹೇಳಿ ಹೆದರಿಸಲೂ ಇಲ್ಲ. ಅಂಕಿಯನ್ನು ಅದು ತಲುಪಬೇಕಾದವರಿಗೆ ಹೊತ್ತಿಗೆ ಸರಿಯಾಗಿ ತಲುಪಿಸಿದಳು.

‘ಹಾಕದಿದ್ರ ಬರ್ತೀನಿ’ ಎಂಬ ಸಾಲಿನ ಬಗ್ಗೆ ಕೆಲವರು ಹುಬ್ಬೇರಿಸಬಹುದು. ಉತ್ತರ ಬಾರದಿರುವುದನ್ನೇ ಒಪ್ಪಿಗೆಯೆಂದು ತಿಳಿಯುವುದು ಎಲ್ಲ ಕಡೆಗೂ ಸಲ್ಲುವ ಮಾತಲ್ಲ ಎಂದು ನನಗೂ ಅನ್ನಿಸುತ್ತದೆ. ಹೇಗಿದ್ದರೂ ಆಗಲೇಬೇಕಾದ, ಬಾಗಿಲಲ್ಲೇ ಮುಗಿಯುವ ಕೆಲಸಕ್ಕೆ ಅದು ಸರಿ. ಭೇಟಿಗೆ ಬರುವ ವಿಷಯದಲ್ಲಿ ಅವಳೇ ಅದನ್ನು ತಿರುವಿಹಾಕಿದ್ದಳು: ‘ನೀವು ಬಾ ಅಂದ್ರ ಮಾತ್ರ ಬರ್ತೀನಿ, ಮೂರನೇ ವಾರದಾಗ, ಅರ್ಧ ತಾಸು.’ ಎರಡನೆಯ ವಾರದಲ್ಲಿ ಒಂದು ನೆಗಡಿಯೂ ನನ್ನನ್ನು ಆಸ್ಪತ್ರೆಗೆ ಸೇರಿಸಬಹುದೆಂಬುದು ಗೊತ್ತಿದ್ದವರು ಹಾಗೆ ಬರೆಯುತ್ತಾರೆ. ಪ್ರೀತಿಯಿಂದಲೇ ಮಕ್ಕಳು ಮರಿಗಳೊಂದಿಗೆ ಬಂದು, ತಮ್ಮ ದೂರದ ನೆಂಟರೊಬ್ಬರಿಗೂ ಇದೇ ಕಾಯಿಲೆಯಾಗಿತ್ತೆಂದು ಕಥೆ ಶುರುಮಾಡಿ, ಕೊನೆಗೆ ಆ ನೆಂಟರು ತೀರಿಕೊಂಡದ್ದು ನೆನಪಾಗಿ ತಡವರಿಸಿದವರೂ ಇದ್ದಾರೆ. ಅವರಿಗೂ ನಾನು ಚಹಾ ಮಾಡಿಸಿ ಕೊಟ್ಟೆ.

ಊಟದ ವಿಷಯದಲ್ಲಿ ಆಕೆ ಮೊದಲು ಕೇಳಿದಳು, ಅದೂ ‘ಏನು ತರಲಿ’ ಎಂದಲ್ಲ, ‘ಬುಧವಾರ ಸಂಜಿಮುಂದ ಜ್ವಾಳದ ನುಚ್ಚು ತರ್ಲೋ, ಹೆಸರಬ್ಯಾಳಿ ಕಿಚಡಿ ತರ್ಲೋ’ ಎಂದು. ಎರಡರಲ್ಲಿ ಒಂದನ್ನು ಹೇಳುವ ಶಕ್ತಿ ಎಂಥ ದಿನವೂ ಇರುತ್ತದೆ. ಬಾಯೊಳಗೆ ಹುಣ್ಣಾಗಿ ನೀರು ನುಂಗಿದರೂ ಉರಿಯುತ್ತಿದ್ದ ಆ ದಿನಗಳಲ್ಲಿ ನಮ್ಮ ಮನೆಯ ಕಪಾಟಿನಲ್ಲಿ ಕಟಕರೊಟ್ಟಿ, ಕೆಂಪು ಖಾರದ ಶೇಂಗಾ ಚಟ್ನಿ, ಅಮೀನಗಡದ ಕರದಂಟಿನ ಡಬ್ಬಿಗಳು ಸಾಲಾಗಿದ್ದವು. ಅವನ್ನೆಲ್ಲ ಯಜಮಾನರೇ ತಿಂದು ನನ್ನ ಕಣ್ಣೆದುರಿಗೆ ದಪ್ಪಗಾದರು. ಹಸಿ ಉಳ್ಳಾಗಡ್ಡಿ, ಹಕ್ಕರಕಿ, ಮೆಂತ್ಯೆ ಸೊಪ್ಪನ್ನು ಹಸಿಯಾಗಿ ತಿನ್ನಬಾರದೆಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಗೆಳತಿ ಕೇಳಿ ತಿಳಿದಿದ್ದಳು. ಆದ್ದರಿಂದ ಅವಳ ಡಬ್ಬಿಯಲ್ಲಿ ಮೆತ್ತಗೆ ಬೆಂದ, ಖಾರವಿಲ್ಲದ, ಆಗತಾನೇ ಮಾಡಿದ ನುಚ್ಚು ಇರುತ್ತಿತ್ತು. ಡಬ್ಬಿ ತೊಳೆದು ಮರಳಿಸುವ ಚಿಂತೆ ಬೇಡವೆಂದು ಹಳೆಯ ಸ್ಟೀಲ್ ಡಬ್ಬಿಯಲ್ಲೇ ತರುತ್ತಿದ್ದಳು.

‘ಸದ್ಯ ಈ ಒಂದ ಸಲದ್ದು’ ಎಂದದ್ದು ಮೊದಲ ಓದಿಗೆ ಜಿಪುಣತನದಂತೆ ಕಂಡಿತು. ಅವಳಿಗೂ ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಪರೀಕ್ಷೆಯ ಹೊತ್ತಿನ ಪೇಪರ್ ಕಟ್ಟುಗಳಿವೆ. ಎಂದೆಂದಿಗೂ ನಾನಿದ್ದೇನೆ ಎಂದು ಬರೆದು ಮೂರನೆಯ ಸುತ್ತಿಗೆ ಬಾರದಿದ್ದರೆ ಅವಳಿಗೆ ಮುಜುಗರ, ನನಗೆ ಸಂಕಟ. ಪ್ರತಿ ಸುತ್ತಿಗೂ ಹೊಸದಾಗಿ ಒಂದು ಸಂದೇಶ ಬರುತ್ತಿತ್ತು. ಒಮ್ಮೆ ಅವಳಿಗೇ ನೆಗಡಿಯಾದಾಗ, ಈ ಸಲ ಆಗುವುದಿಲ್ಲ, ನಮ್ಮ ಚಿತ್ರಕಲಾ ಶಿಕ್ಷಕರು ಬರುತ್ತಾರೆ ಎಂದು ಎರಡು ದಿನ ಮೊದಲೇ ಬರೆದಳು. ಅವರು ಬಂದರು.

ಏಳೂವರೆಗೆ ಕೈಚೀಲದೊಂದಿಗೆ ಬಂದು, ಸೂಜಿಗೆ ಹೆದರುವ ನನ್ನನ್ನು ಕ್ರಿಕೆಟ್ಟಿನ ಮಾತಿನಲ್ಲಿ ಮರೆಸುತ್ತಿದ್ದ ಲ್ಯಾಬಿನ ಹುಡುಗನಿಗೆ, ನನ್ನ ರಜೆಯ ಕಾಗದಗಳನ್ನು ಕಚೇರಿಯಿಂದ ಕಚೇರಿಗೆ ಓಡಾಡಿಸಿದ ಮುಖ್ಯ ಶಿಕ್ಷಕಿಯರಿಗೆ, ನವನಗರದ ನಮ್ಮ ಓಣಿಯವರಿಗೆ ಪ್ರತ್ಯೇಕವಾಗಿ ವಂದನೆಗಳು.

ಮುಂದಿನ ತಿಂಗಳಿಂದ ರೇಡಿಯೇಶನ್ ಆರಂಭವಾಗುತ್ತದೆ. ವಾರದಲ್ಲಿ ಐದು ದಿನ ಕೊಡುವುದರಿಂದ ದಿನಾಲೂ ಹೋಗಿಬರುವುದು ಆಗದ ಮಾತು, ಕೆಲವು ವಾರ ಬೆಳಗಾವಿಯ ಟಿಳಕವಾಡಿಯಲ್ಲಿ ನಾದಿನಿಯ ಮನೆಯಲ್ಲಿ ಇರುತ್ತೇನೆ. ಏನಾದರೂ ಮಾಡಬೇಕೆಂದು ಇನ್ನೂ ಕೇಳುತ್ತಿರುವ ಸಹೋದ್ಯೋಗಿಗಳಿಗೆ ಈ ಸಲ ನಾನೇ ಹೇಳುತ್ತೇನೆ: ಹತ್ತನೆಯ ತರಗತಿಯವರಿಗೆ ಭಾರತದ ನಕಾಶೆಯಲ್ಲಿ ನದಿಗಳನ್ನೂ ಅಣೆಕಟ್ಟುಗಳನ್ನೂ ಗುರುತಿಸುವ ಅಭ್ಯಾಸ ಬಾಕಿ ಉಳಿದಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಯಾರಾದರೂ ತೆಗೆದುಕೊಂಡರೆ ಸಾಕು. ಖಾಲಿ ನಕಾಶೆಗಳು ಸ್ಟಾಫ್ ರೂಮಿನ ನನ್ನ ಕಪಾಟಿನ ಎರಡನೆಯ ಹಲಗೆಯ ಮೇಲಿವೆ, ಕೀಲಿ ವಿಜ್ಞಾನ ಶಿಕ್ಷಕಿಯ ಹತ್ತಿರ ಇದೆ.