ಮನೆಯಲ್ಲೇ ಇರಿ ಅನ್ನುತ್ತದೆ ಸರ್ಕಾರ, ಮನೆಯಲ್ಲಿದ್ದರೆ ಹಣವಿಲ್ಲ ಅನ್ನುತ್ತದೆ ಪಾಲಿಸಿ: ಹಾಸನದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,
ಹಾಸನ ಲೋಕಸಭಾ ಕ್ಷೇತ್ರ

ಮಾನ್ಯರೇ,

ಎಚ್3ಎನ್2 ಫ್ಲೂ ಜ್ವರಕ್ಕೆ ರಾಜ್ಯದಲ್ಲಿ ಮೊದಲ ಸಾವು ವರದಿಯಾದದ್ದು 2023ರ ಮಾರ್ಚ್‌ನಲ್ಲಿ, ನಮ್ಮ ಜಿಲ್ಲೆಯಿಂದಲೇ. ಫ್ಲೂ ಪ್ರತಿ ವರ್ಷ ಎರಡು ಸಲ ಏರುತ್ತದೆ: ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ. ಎರಡನೆಯದು ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ಕೊಯ್ಲಿನ ಕಾಲಕ್ಕೇ ಬೀಳುತ್ತದೆ. ತೋಟದ ಲೈನ್‌ ಮನೆಗಳಲ್ಲಿ ಒಬ್ಬರಿಗೆ ಬಂದರೆ ವಾರದೊಳಗೆ ಸಾಲಿಗೆಲ್ಲ ಹಬ್ಬುತ್ತದೆ. ಇಂಥ ಹೊತ್ತಿನಲ್ಲಿ ಆರೋಗ್ಯ ವಿಮೆ ಎಲ್ಲಿ ಕೈಕೊಡುತ್ತದೆ, ಅದನ್ನು ತಾವು ಹೇಗೆ ಸರಿಪಡಿಸಬಹುದು ಎಂದು ತಿಳಿಸಲು ಈ ಪತ್ರ. ವಿಮೆಯ ನಿಯಮ ಕೇಂದ್ರದ ಕೈಯಲ್ಲಿರುವುದರಿಂದ ಇದನ್ನು ಶಾಸಕರಿಗಲ್ಲ, ತಮಗೆ ಬರೆಯುತ್ತಿದ್ದೇವೆ.

ಮೊದಲು ಸರ್ಕಾರದ ಸೂಚನೆ ನೋಡೋಣ. ಎಚ್1ಎನ್1 ಫ್ಲೂ ಕುರಿತ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ರೋಗಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡುತ್ತದೆ. ಸಣ್ಣ ಜ್ವರ, ಕೆಮ್ಮು, ಗಂಟಲು ನೋವು ಇದ್ದರೆ ಎ. ಜ್ವರ ಜೋರಾಗಿ ಗಂಟಲು ತೀವ್ರವಾಗಿ ನೋಯುತ್ತಿದ್ದರೆ, ಇಲ್ಲವೇ ರೋಗಿ ಗರ್ಭಿಣಿಯೋ 65 ದಾಟಿದವರೋ ಸಕ್ಕರೆ ಕಾಯಿಲೆ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರೋ ಆಗಿದ್ದರೆ ಬಿ. ಉಸಿರಾಟಕ್ಕೆ ಕಷ್ಟ, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು ಕಂಡರೆ ಸಿ. ಪರೀಕ್ಷೆ ಮಾಡಿಸಿ ಕೂಡಲೇ ದಾಖಲಿಸಬೇಕಾದ್ದು ಸಿ ವರ್ಗದವರನ್ನು ಮಾತ್ರ. ಎ ಮತ್ತು ಬಿ ವರ್ಗದವರಿಗೆ ಪರೀಕ್ಷೆ ಬೇಕಿಲ್ಲ, ಅವರು ಮನೆಯಲ್ಲೇ ಪ್ರತ್ಯೇಕವಾಗಿರಬೇಕು. ಬಿ ವರ್ಗದವರಿಗೆ ವೈದ್ಯರು ಒಸೆಲ್ಟಾಮಿವಿರ್ ಎಂಬ ವೈರಸ್ ನಿರೋಧಕ ಔಷಧಿ ಕೊಡಬಹುದು: ದೊಡ್ಡವರಿಗೆ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಐದು ದಿನ. ಆಸ್ಪತ್ರೆ ತುಂಬದಂತೆ, ಸೋಂಕು ಹಬ್ಬದಂತೆ ಮಾಡಿದ ಏರ್ಪಾಡು ಇದು. ಇದರಲ್ಲಿ ನಮಗೆ ತಕರಾರಿಲ್ಲ.

ತಕರಾರು ಇರುವುದು ಈ ಏರ್ಪಾಡನ್ನು ಪಾಲಿಸಿದವರನ್ನು ವಿಮೆ ನಡೆಸಿಕೊಳ್ಳುವ ರೀತಿಯ ಬಗ್ಗೆ. ಆಸ್ಪತ್ರೆಗೆ ಹೋಗಲಾರದ ಸ್ಥಿತಿ ಇದ್ದಾಗ ಅಥವಾ ಹಾಸಿಗೆ ಸಿಗದಿದ್ದಾಗ ಮನೆಯಲ್ಲೇ ಪಡೆಯುವ ಚಿಕಿತ್ಸೆಗೆ ಪಾಲಿಸಿಗಳಲ್ಲಿ ‘ಡೊಮಿಸಿಲಿಯರಿ ಹಾಸ್ಪಿಟಲೈಸೇಶನ್’ ಎಂಬ ಸೌಲಭ್ಯ ಇರುತ್ತದೆ. ಆದರೆ ಬಹಳಷ್ಟು ಪಾಲಿಸಿಗಳಲ್ಲಿ ಅದರ ಕೆಳಗೇ ಇದು ಅನ್ವಯಿಸದ ಕಾಯಿಲೆಗಳ ಪಟ್ಟಿಯೂ ಇದೆ. ಅಸ್ತಮಾ, ಬ್ರಾಂಕೈಟಿಸ್, ಭೇದಿ, ಸಕ್ಕರೆ ಕಾಯಿಲೆಗಳ ಜೊತೆಗೆ ‘ಇನ್‌ಫ್ಲುಯೆಂಜಾ, ಕೆಮ್ಮು, ನೆಗಡಿ’ ಎಂದು ಅಲ್ಲಿ ಅಚ್ಚಾಗಿದೆ. ಕಾರಣ ತಿಳಿಯದ ಜ್ವರ ಹತ್ತು ದಿನದೊಳಗೆ ಇಳಿದರೆ ಅದಕ್ಕೂ ಹಣವಿಲ್ಲ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಕೇಂದ್ರದ ಪ್ರಾಧಿಕಾರವೇ ರೂಪಿಸಿ 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುವಂತೆ ಮಾಡಿದ ‘ಆರೋಗ್ಯ ಸಂಜೀವಿನಿ’ಯಲ್ಲಂತೂ ಮನೆಯ ಚಿಕಿತ್ಸೆಯನ್ನು ಪೂರ್ತಿ ಹೊರಗಿಟ್ಟಿದ್ದಾರೆ. ಸಾಂಕ್ರಾಮಿಕದ ಕಾಲದಲ್ಲಿ ಯಾವ ಕಾಯಿಲೆಗೆ ಮನೆಯಲ್ಲಿರಿ ಎಂದು ಸರ್ಕಾರ ಹೇಳುತ್ತದೋ ಅದೇ ಕಾಯಿಲೆಯ ಹೆಸರು ಈ ಪಟ್ಟಿಯಲ್ಲಿದೆ.

ಹಾಗೆಂದು ಆಸ್ಪತ್ರೆಗೆ ಸೇರಿದರೆ ಬೇರೊಂದು ಕಲಮು ಎದುರಾಗುತ್ತದೆ. ಕೇವಲ ತಪಾಸಣೆಗೆ, ನಿಗಾಕ್ಕೆ ದಾಖಲಾದರೆ ಹಣ ಕೊಡಬೇಕಿಲ್ಲ ಎನ್ನುವ ಹೊರಗಿಡುವಿಕೆಗೆ Excl04 ಎಂಬ ಸಂಕೇತವಿದೆ. ವಿಶ್ರಾಂತಿಗಾಗಿ ದಾಖಲಾದದ್ದಕ್ಕೆ Excl05. ಕೊರೊನಾ ಕಾಲದಲ್ಲಿ ಎಷ್ಟೋ ಕ್ಲೈಮ್‌ಗಳು ತಿರಸ್ಕೃತವಾದದ್ದು ‘ಇವರನ್ನು ಮನೆಯಲ್ಲೇ ನೋಡಿಕೊಳ್ಳಬಹುದಿತ್ತು’ ಎಂಬ ಕಾರಣಕ್ಕೆ. ಅತ್ತ ದರಿ, ಇತ್ತ ಪುಲಿ.

ಒಂದು ಲೆಕ್ಕ ಹಾಕಿ ತೋರಿಸುತ್ತೇವೆ. ಮೊತ್ತಗಳು ಉದಾಹರಣೆಗೆಂದು ಇಟ್ಟವು, ನಿಯಮಗಳು ನಿಜದವು. ಆಲೂರು ತಾಲ್ಲೂಕಿನ 67 ವರ್ಷದ, ಸಕ್ಕರೆ ಕಾಯಿಲೆಯಿರುವ ಹೆಂಗಸೊಬ್ಬರಿಗೆ ಜ್ವರ ಬಂತು ಎಂದಿಟ್ಟುಕೊಳ್ಳಿ. ಅವರದು ಬಿ ವರ್ಗ, ಮನೆಯಲ್ಲೇ ಚಿಕಿತ್ಸೆ. ವೈದ್ಯರ ಶುಲ್ಕ 1,000, ಔಷಧಿ 1,200, ರಕ್ತ ಪರೀಕ್ಷೆ 800, ಆಕ್ಸಿಮೀಟರ್ 1,500, ನೆಬ್ಯುಲೈಸರ್ 2,000, ಒಟ್ಟು 6,500 ರೂಪಾಯಿ. ಅವರು ಮನೆಯಲ್ಲೇ ಗುಣವಾದರೆ ವಿಮೆಯಿಂದ ಬರುವುದು ಸೊನ್ನೆ. ನಾಲ್ಕನೇ ದಿನ ಉಸಿರು ಕಟ್ಟಿ ಆಮ್ಲಜನಕದ ಮಟ್ಟ 91ಕ್ಕೆ ಇಳಿದು ಹಾಸನದ ಆಸ್ಪತ್ರೆಗೆ ಸೇರಿದರೆ ಲೆಕ್ಕ ಬದಲಾಗುತ್ತದೆ. ದಾಖಲಾಗುವ ಮುಂಚಿನ 30 ದಿನಗಳಲ್ಲಿ ಅದೇ ಕಾಯಿಲೆಗೆ ಮಾಡಿದ ಖರ್ಚನ್ನು ಸಾಮಾನ್ಯವಾಗಿ ಪಾಲಿಸಿ ಕೊಡುವುದರಿಂದ ಶುಲ್ಕ, ಔಷಧಿ, ಪರೀಕ್ಷೆಯ 3,000 ವಾಪಸು ಬರುತ್ತದೆ, ಬಿಲ್ಲು ಮತ್ತು ಚೀಟಿ ಇಟ್ಟುಕೊಂಡಿದ್ದರೆ ಮಾತ್ರ. ಉಪಕರಣಗಳ 3,500 ಆಗಲೂ ಬರುವುದಿಲ್ಲ. ಹಣ ಕೊಡಲಾಗದ 68 ವಸ್ತುಗಳ ಪಟ್ಟಿಯೊಂದು ಪಾಲಿಸಿಯ ಕೊನೆಯಲ್ಲಿರುತ್ತದೆ. ಥರ್ಮಾಮೀಟರ್, ನೆಬ್ಯುಲೈಸರ್ ಕಿಟ್, ಆಸ್ಪತ್ರೆಯ ಹೊರಗೆ ಬಳಸುವ ಆಕ್ಸಿಜನ್ ಸಿಲಿಂಡರ್ ಎಲ್ಲವೂ ಅದರಲ್ಲಿವೆ.

ಇನ್ನು ಆಸ್ಪತ್ರೆಯ ಬಿಲ್ಲು. ಐದು ದಿನಕ್ಕೆ 92,000 ಆಯಿತು ಎನ್ನಿ. ಅದರಲ್ಲಿ ಪಿಪಿಇ ಕಿಟ್ ದಿನಕ್ಕೆ 1,500ರಂತೆ 7,500, ‘ಇನ್‌ಫೆಕ್ಷನ್ ಕಂಟ್ರೋಲ್ ಚಾರ್ಜ್’ ದಿನಕ್ಕೆ 600ರಂತೆ 3,000, ಗ್ಲೌಸ್ ಮತ್ತು ಮಾಸ್ಕ್ 2,000. ಈ 12,500 ಕಡಿದು ಕಂಪನಿ 79,500 ಮಂಜೂರು ಮಾಡುತ್ತದೆ. ಕಡಿತಕ್ಕೆ ಕಾರಣ ಮತ್ತೆ ಪಾಲಿಸಿಯ ಕೊನೆಯಲ್ಲಿರುವ ಪಟ್ಟಿಗಳೇ. ಗ್ಲೌಸ್, ಮಾಸ್ಕ್ ಮತ್ತು ‘ವಿವರ ನಮೂದಿಸದ ಯಾವುದೇ ಕಿಟ್’ ಆ 68 ವಸ್ತುಗಳ ಮೊದಲ ಪಟ್ಟಿಯಲ್ಲಿವೆ. ಗೌನು, ಟೋಪಿ, ಶೂ ಕವರ್ ಎರಡನೇ ಪಟ್ಟಿಯಲ್ಲಿವೆ. ಅವು ಕೊಠಡಿ ಬಾಡಿಗೆಯಲ್ಲೇ ಸೇರಿರಬೇಕಾದವು. ಹೀಗಾಗಿ ಆಸ್ಪತ್ರೆ ‘ಪಿಪಿಇ ಕಿಟ್’ ಎಂದು ಒಂದೇ ಸಾಲು ಬರೆದರೆ ವಿವರವಿಲ್ಲ ಎಂದು ಹೋಗುತ್ತದೆ, ಬಿಡಿಸಿ ಬರೆದರೆ ಒಂದೊಂದೂ ಒಂದೊಂದು ಪಟ್ಟಿಗೆ ಸಿಕ್ಕಿ ಹೋಗುತ್ತದೆ. ಮನೆಯ ಉಪಕರಣಗಳೂ ಸೇರಿದರೆ ಆ ಕುಟುಂಬದ ಕೈಯಿಂದ 16,000 ಹೋಯಿತು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಕೊಠಡಿ ಬಾಡಿಗೆಯಲ್ಲಿ ಸೇರಿದೆ ಎಂದು ಕಂಪನಿ ಬಿಟ್ಟ ಗೌನಿಗೆ ಆಸ್ಪತ್ರೆ ರೋಗಿಯಿಂದ ಬೇರೆಯಾಗಿ ವಸೂಲಿ ಮಾಡುವುದು ಸರಿಯಲ್ಲ. ಡಿಸ್ಚಾರ್ಜ್ ದಿನ ಕಡಿತದ ಹಾಳೆ ಕೇಳಿ ಪಡೆದು, ಯಾವ ಸಾಲು ಯಾವ ಪಟ್ಟಿಯಡಿ ಹೋಗಿದೆ ಎಂದು ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ. ಆದರೆ ಮನೆಗೆ ಹೊರಡುವ ಅವಸರದಲ್ಲಿ ಯಾರೂ ಕೇಳುವುದಿಲ್ಲ. ಎರಡನೆಯದು, ಒಬ್ಬ ನರ್ಸ್ ಒಂದು ಪಾಳಿಯಲ್ಲಿ ಒಂದೇ ಕಿಟ್ ತೊಟ್ಟು ವಾರ್ಡಿನ ಎಂಟು ಹಾಸಿಗೆ ನೋಡಿದರೆ, ಎಂಟೂ ಜನರ ಬಿಲ್ಲಿನಲ್ಲಿ ಪೂರ್ತಿ ಕಿಟ್ಟಿನ ಬೆಲೆ ಬೀಳಬಾರದು. ಕಾಯಿಲೆ ಯಾವುದೆಂದೂ ನೋಡಬೇಕು. ಫ್ಲೂ ಉಸಿರಿನ ಹನಿಗಳಿಂದ ಹಬ್ಬುವುದರಿಂದ ಮಾಸ್ಕ್, ಗೌನು ಬೇಕು. ಡೆಂಗಿ ಹಬ್ಬುವುದು ಸೊಳ್ಳೆಯಿಂದ. ಡೆಂಗಿ ವಾರ್ಡಿನ ಬಿಲ್ಲಿನಲ್ಲಿ ದಿನದಿನವೂ ಪಿಪಿಇ ಕಿಟ್ ಕಂಡರೆ ಅದನ್ನು ಪ್ರಶ್ನಿಸಲೇಬೇಕು.

ಇದಕ್ಕೆ ಪರಿಹಾರ ಹೊಸದಾಗಿ ಹುಡುಕಬೇಕಿಲ್ಲ. 2020ರ ಜುಲೈಯಲ್ಲಿ ಬಂದ ‘ಕೊರೊನಾ ಕವಚ್’ ಪಾಲಿಸಿ ಆಸ್ಪತ್ರೆಯ ಪಿಪಿಇ, ಗ್ಲೌಸ್, ಮಾಸ್ಕ್‌ಗಳಿಗೆ ಹಣ ಕೊಟ್ಟಿತು. 14 ದಿನದವರೆಗಿನ ಮನೆ ಚಿಕಿತ್ಸೆಯಲ್ಲಿ ವೈದ್ಯರ ಶುಲ್ಕ, ನರ್ಸಿಂಗ್, ಪರೀಕ್ಷೆ, ಔಷಧಿ ಮಾತ್ರವಲ್ಲ, ಆಕ್ಸಿಮೀಟರ್, ಸಿಲಿಂಡರ್, ನೆಬ್ಯುಲೈಸರ್‌ಗೂ ಕೊಟ್ಟಿತು. ಷರತ್ತುಗಳು ಸ್ಪಷ್ಟವಾಗಿದ್ದವು: ಸರ್ಕಾರ ಒಪ್ಪಿದ ಕೇಂದ್ರದ ಪಾಸಿಟಿವ್ ವರದಿ, ಮನೆಯಲ್ಲಿ ಚಿಕಿತ್ಸೆ ಪಡೆಯಿರಿ ಎಂಬ ವೈದ್ಯರ ಸಲಹೆ, ಪ್ರತಿ ದಿನ ವೈದ್ಯರ ನಿಗಾ, ಅವರ ಸಹಿಯಿರುವ ದಿನವಹಿ ಚಾರ್ಟ್. ಅದೇ ವರ್ಷ ಜೂನ್‌ನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರ ಕಟ್ಟಿತು. ವಿಮೆ ಇಲ್ಲದೆ ಕೈಯಿಂದ ಹಣ ಕೊಡುವವರಿಗೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 10,000, ವೆಂಟಿಲೇಟರ್ ಇರುವ ಐಸಿಯುಗೆ 25,000, ಪಿಪಿಇ ಅದರೊಳಗೇ. ಇವೆಲ್ಲ ನಡೆದದ್ದು ಒಂದೇ ಕಾಯಿಲೆಯ ಹೆಸರಿನಲ್ಲಿ. ಹೆಸರು ಬೇರೆಯಾದ ಕೂಡಲೇ ಅದೇ ನೆಬ್ಯುಲೈಸರ್ ಹಣ ಕೊಡಲಾಗದ ವಸ್ತುವಾಯಿತು.

ಸಾಂಕ್ರಾಮಿಕ ಎಂದರೆ ವಿಮೆ ಕೊಡುವುದೇ ಇಲ್ಲ ಎಂಬ ಮಾತೂ ಊರುಗಳಲ್ಲಿದೆ. ಆಸ್ಪತ್ರೆ ಖರ್ಚಿನ ಪಾಲಿಸಿಗಳ ಮಟ್ಟಿಗೆ ಅದು ನಿಜವಲ್ಲ. ಕೋವಿಡ್ ಕ್ಲೈಮ್‌ಗಳನ್ನು ಇರುವ ಪಾಲಿಸಿಗಳಲ್ಲೇ ನಿರ್ವಹಿಸಬೇಕೆಂದು ಪ್ರಾಧಿಕಾರ 2020ರ ಮಾರ್ಚ್ 4ರಂದೇ ಸೂಚಿಸಿತ್ತು. ನಿಜವಾಗಿ ಅಡ್ಡ ಬರುವುದು ಹೊಸ ಪಾಲಿಸಿಯ ಮೊದಲ 30 ದಿನಗಳ ಕಾಯುವ ಅವಧಿ. ಅಲೆ ಎದ್ದ ಮೇಲೆ ಓಡಿಹೋಗಿ ಪಾಲಿಸಿ ಮಾಡಿಸಿದರೆ ಆ ಅಲೆಗೆ ಅದು ಉಪಯೋಗಕ್ಕೆ ಬಾರದು.

ತಮ್ಮಿಂದ ನಾವು ಕೇಳುವುದು ಇಷ್ಟು. ಲೋಕಸಭೆಯಲ್ಲಿ ನಿಯಮ 377ರಡಿ ಅಥವಾ ಪ್ರಶ್ನೆಯ ಮೂಲಕ ಹಣಕಾಸು ಸಚಿವಾಲಯದ ಮುಂದೆ ಇದನ್ನಿಡಿ: ರಾಜ್ಯ ಯಾವುದೇ ಕಾಯಿಲೆಯನ್ನು ಸಾಂಕ್ರಾಮಿಕ ಎಂದು ಅಧಿಸೂಚಿಸಿದರೆ, ಅಧಿಸೂಚನೆ ಜಾರಿಯಲ್ಲಿರುವಷ್ಟು ದಿನ ಆ ಕಾಯಿಲೆಗೆ ಕೊರೊನಾ ಕವಚ್ ಮಾದರಿಯ ಮನೆ ಚಿಕಿತ್ಸೆಯ ಕಲಮು ಎಲ್ಲ ಪಾಲಿಸಿಗಳಿಗೂ ತಾನಾಗಿಯೇ ಅನ್ವಯಿಸಬೇಕು. ಕರ್ನಾಟಕ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಹೀಗೆ ಅಧಿಸೂಚಿಸಿದೆ. ಹಾಗಾಗಿ ಯಾವ ದಿನದಿಂದ ಎಂಬ ಗೊಂದಲ ಬರುವುದಿಲ್ಲ. ಒಂದು ತಿದ್ದುಪಡಿ ಮಾತ್ರ ಅಗತ್ಯ. ಎ, ಬಿ ವರ್ಗಕ್ಕೆ ಪರೀಕ್ಷೆ ಬೇಡ ಎಂದು ಸರ್ಕಾರವೇ ಹೇಳಿರುವಾಗ ಪಾಸಿಟಿವ್ ವರದಿ ಕೇಳುವುದು ನ್ಯಾಯವಲ್ಲ. ಇಂಥ ವರ್ಗ ಎಂದು ವೈದ್ಯರು ಬರೆದುಕೊಟ್ಟ ಚೀಟಿಯೇ ಸಾಕಾಗಬೇಕು. ಸಿ ವರ್ಗ ಎಂದು ಬರೆದರೆ ಆ ದಾಖಲಾತಿಯನ್ನು Excl04ರಡಿ ತಳ್ಳಿಹಾಕುವಂತಿರಬಾರದು. ಪಿಪಿಇಗೆ ವಾರ್ಡು, ಐಸಿಯು ಎಂದು ಬೇರೆ ಬೇರೆ ದಿನದ ಮಿತಿ ಕಟ್ಟಬೇಕು. 2020ರ ಜೂನ್‌ನಲ್ಲಿ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ತಾನೇ ಕಟ್ಟಿದ ದರಪಟ್ಟಿಯಲ್ಲಿ ವಾರ್ಡಿಗೆ 1,200, ಐಸಿಯುಗೆ 2,000ದವರೆಗೆ ಪಿಪಿಇ ಸೇರಿತ್ತು. ಅಲ್ಲಿಂದಲೇ ಶುರು ಮಾಡಬಹುದು.

ದೆಹಲಿಗೆ ಕಾಯದೆ ಮಾಡಬಹುದಾದ ಒಂದು ಕೆಲಸವೂ ಇದೆ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ, ತಾವು ಅಧ್ಯಕ್ಷರಾಗಿರುವ ದಿಶಾ ಸಮಿತಿಯ ಸಭೆಯಲ್ಲಿ, ಮನೆ ಚಿಕಿತ್ಸೆಯ ದಿನವಹಿ ಚಾರ್ಟನ್ನು ಒಂದೇ ಹಾಳೆಯಲ್ಲಿ ಅಚ್ಚು ಮಾಡಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಆಶಾ ಕಾರ್ಯಕರ್ತೆಯರಿಗೂ ಕೊಡಲು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಹೇಳಿ. ಅದರಲ್ಲಿ ದಿನಾಂಕ, ಬೆಳಿಗ್ಗೆ ಮತ್ತು ಸಂಜೆಯ ಜ್ವರ, ನಾಡಿ, ಆಮ್ಲಜನಕದ ಮಟ್ಟ, ಕೊಟ್ಟ ಔಷಧಿ, ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಸಹಿ ಇದ್ದರೆ ಸಾಕು. ಹೆತ್ತೂರು ಕಡೆಯ ತೋಟದಿಂದ ದಿನವೂ ವೈದ್ಯರ ಬಳಿ ಬರಲಾಗದವರು ಫೋನಿನಲ್ಲಿ ತೋರಿಸಿಕೊಳ್ಳಬಹುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ವೈದ್ಯರು ಸಹಿ ಮಾಡಿದ ಚೀಟಿಯ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ನಡೆಯುತ್ತದೆ. ಮುಂದೆ ರೋಗಿ ಆಸ್ಪತ್ರೆ ಸೇರಿದರೆ ದಾಖಲಾಗುವ ಮುಂಚಿನ ಖರ್ಚಿಗೆ ಈ ಹಾಳೆಯೇ ಆಧಾರ. ಕ್ಲೈಮ್ ತಿರಸ್ಕೃತವಾಗಿ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಹೋದರೆ ಅಲ್ಲಿ ಮೊದಲು ತೋರಿಸಬೇಕಾದದ್ದೂ ಇದನ್ನೇ. ಆ ದೂರಿಗೆ ಶುಲ್ಕವಿಲ್ಲ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಕೊಟ್ಟಿರಬೇಕು.

ಈ ಸಲದ ಕಾಫಿ ಕೊಯ್ಲು ಶುರುವಾಗುವ ಮುಂಚೆ ಆ ಹಾಳೆ ಊರೂರಿಗೆ ತಲುಪಲಿ. ಸದನದಲ್ಲಿ ತಾವು ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಜಿಲ್ಲೆಯ ಜನರಿಗೆ ಪ್ರಕಟವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಿಮಾ ಕ್ಲೈಮ್ ಮತ್ತು ಆಸ್ಪತ್ರೆ ಬಿಲ್ಲುಗಳ ಕೆಲಸ ಬಲ್ಲ ಹಾಸನ ಜಿಲ್ಲೆಯ ನಾಗರಿಕರು