ಮನೆ ಬಾಗಿಲಲ್ಲಿ ಹಣ ಕೊಡುವ ಆರ್ಡರ್‌ಗಳಿಗೆ ಇನ್ನು 100 ರೂಪಾಯಿ ಮುಂಗಡ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ವಿಜಯಪುರದ ನಮ್ಮ ಮಹಿಳಾ ಸಹಕಾರ ಸಂಘದಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತರಿಸಿಕೊಳ್ಳುವ ನಿಮಗೆಲ್ಲ ನಮಸ್ಕಾರ. ಮುಂದಿನ ತಿಂಗಳ 1ರಿಂದ ಕ್ಯಾಶ್ ಆನ್ ಡೆಲಿವರಿ ಆರ್ಡರ್‌ಗಳಿಗೆ 100 ರೂಪಾಯಿ ಮುಂಗಡ ಪಡೆಯಲು ಸಂಘದ ಸಭೆ ತೀರ್ಮಾನಿಸಿದೆ. ಈ ಮೊತ್ತ ಬಿಲ್ಲಿನಲ್ಲೇ ಕಳೆಯುತ್ತದೆ. ಉಳಿದದ್ದನ್ನು ಪೆಟ್ಟಿಗೆ ಕೈಗೆ ಬಂದಾಗ ಕೊಟ್ಟರೆ ಸಾಕು. ಪೂರ್ತಿ ಹಣವನ್ನು ಮೊದಲೇ ಯುಪಿಐ ಮೂಲಕ ಕಳುಹಿಸುವವರಿಗೆ ಬಿಲ್ಲಿನಲ್ಲಿ 35 ರೂಪಾಯಿ ಕಡಿಮೆ ಮಾಡುತ್ತೇವೆ. ಹೀಗೇಕೆ ಎಂದು ಕೇಳುವ ಹಕ್ಕು ನಿಮಗಿದೆ. ಆದ್ದರಿಂದ ಲೆಕ್ಕವನ್ನು ನಿಮ್ಮ ಮುಂದೆಯೇ ಇಡುತ್ತಿದ್ದೇವೆ.

ಹೆಚ್ಚು ಮಾರಾಟವಾಗುವ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ 40 ರೊಟ್ಟಿ, ಕಾಲು ಕಿಲೋದ ಎರಡು ಚಟ್ನಿ ಪುಡಿ ಪೊಟ್ಟಣಗಳು ಇರುತ್ತವೆ. ಸಾಗಣೆ ಸೇರಿ ಬೆಲೆ 660 ರೂಪಾಯಿ. ಜೋಳ, ಉರುವಲು, ಕೂಲಿ ಎಲ್ಲ ಸೇರಿ ರೊಟ್ಟಿಗೆ 240, ಪುಡಿಗೆ 190, ಪೆಟ್ಟಿಗೆ ಮತ್ತು ಒಳಗಿನ ರಟ್ಟುಗಳಿಗೆ 35, ಕೊರಿಯರ್‌ಗೆ 130 ರೂಪಾಯಿ ತಗಲುತ್ತದೆ. ತೂಕಕ್ಕೆ ಹೋಲಿಸಿದರೆ ಕೊರಿಯರ್ ದರ ದುಬಾರಿ ಎನಿಸಬಹುದು. ರೊಟ್ಟಿ ಹಗುರ, ಆದರೆ ಜಾಗ ಹೆಚ್ಚು ತಿನ್ನುತ್ತದೆ. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ನಮ್ಮ 30, 30, 15ರ ಪೆಟ್ಟಿಗೆ ತಕ್ಕಡಿಯಲ್ಲಿ ಎರಡು ಕಿಲೋ ದಾಟದಿದ್ದರೂ ಅವರ ಲೆಕ್ಕದಲ್ಲಿ 2.7 ಕಿಲೋ ಆಗುತ್ತದೆ. ಬಾಗಿಲಲ್ಲಿ ಹಣ ಪಡೆದು ನಮಗೆ ತಲುಪಿಸುವುದಕ್ಕೆ ಅವರು ಬೇರೆ 35 ರೂಪಾಯಿ ಹಿಡಿಯುತ್ತಾರೆ. ಎಲ್ಲ ಕಳೆದು ಸಂಘಕ್ಕೆ ಉಳಿಯುವುದು 30 ರೂಪಾಯಿ.

ಅದೇ ಪೆಟ್ಟಿಗೆಯನ್ನು ಯಾರೂ ಪಡೆಯದೆ ವಾಪಸಾದರೆ ಆ 35 ರೂಪಾಯಿ ಬೀಳುವುದಿಲ್ಲ. ಆದರೆ ಹೋಗುವ ಬಾಡಿಗೆ 130ರ ಮೇಲೆ ಬರುವ ಬಾಡಿಗೆ 115 ರೂಪಾಯಿಯನ್ನೂ ನಾವೇ ಕಟ್ಟಬೇಕು. ಬಟ್ಟೆ, ಪಾತ್ರೆ ಮಾರುವವರು ಮರಳಿ ಬಂದ ಮಾಲನ್ನು ಒರೆಸಿಟ್ಟು ಇನ್ನೊಬ್ಬರಿಗೆ ಮಾರಬಹುದು. ರೊಟ್ಟಿಗೆ ಆ ದಾರಿ ಇಲ್ಲ. ವಾಪಸು ಬರುವ ಪೆಟ್ಟಿಗೆಗೆ ಯಾವ ಅವಸರವೂ ಇರುವುದಿಲ್ಲ, ಗೋದಾಮಿನಿಂದ ಗೋದಾಮಿಗೆ ಭಾರದ ಮೂಟೆಗಳ ಅಡಿಯಲ್ಲಿ ಬರುತ್ತದೆ. ಬಿಚ್ಚಿ ನೋಡಿದರೆ ಅಂಚಿನ ರೊಟ್ಟಿಗಳು ಚೂರಾಗಿರುತ್ತವೆ, ನಡುವಿನವು ಸೀಳಿರುತ್ತವೆ, ಕವರಿನ ಮೂಲೆ ಹರಿದಿದ್ದರೆ ಗಾಳಿಯ ತೇವ ಹೀರಿ ಮೆತ್ತಗಾಗಿರುತ್ತವೆ. ಚಟ್ನಿ ಪೊಟ್ಟಣದ ಸೀಲು ಗಟ್ಟಿಯಾಗಿದ್ದರೂ ಎಲ್ಲೆಲ್ಲಿ ಬಿಸಿಲು ಕಂಡು ಬಂದಿದೆಯೋ ತಿಳಿಯದು, ಶೇಂಗಾದ ಎಣ್ಣೆ ಬೇಗ ಮುಗ್ಗುತ್ತದೆ. ಒಮ್ಮೆ ಹೊರಗೆ ಹೋಗಿ ಬಂದ ತಿನಿಸನ್ನು ನಾವು ಯಾರಿಗೂ ಮಾರುವುದಿಲ್ಲ. ಹಾಗಾಗಿ ಒಂದು ಪೆಟ್ಟಿಗೆಯಿಂದ ಆಗುವ ನಷ್ಟ 710 ರೂಪಾಯಿ. ಅದನ್ನು ತುಂಬಿಕೊಳ್ಳಲು ಅಂಥವೇ 24 ಪೆಟ್ಟಿಗೆಗಳು ಸರಿಯಾಗಿ ತಲುಪಬೇಕು. ರೊಟ್ಟಿ ಬಡಿದ ಹೆಣ್ಣುಮಕ್ಕಳಿಗೆ ಕೂಲಿಯನ್ನು ಅಂದೇ ಕೊಡುತ್ತೇವೆ, ಅದರಲ್ಲಿ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ. ನಷ್ಟವೆಲ್ಲ ವರ್ಷದ ಕೊನೆಗೆ ಅವರಿಗೆ ಹಂಚಬೇಕಾದ ಹಣದಿಂದಲೇ ಹೋಗುತ್ತದೆ.

100 ರೂಪಾಯಿ ಮುಂಗಡದಿಂದ ಈ ನಷ್ಟ ತುಂಬುವುದಿಲ್ಲ ಎಂಬುದು ಲೆಕ್ಕದಿಂದಲೇ ಗೊತ್ತಾಗುತ್ತದೆ. ಮುಂಗಡ ಕೊಟ್ಟವರು ಆರ್ಡರ್ ಮಾಡಿದ್ದನ್ನು ಮರೆಯುವುದಿಲ್ಲ, ಫೋನ್ ಬಂದರೆ ಎತ್ತುತ್ತಾರೆ, ಊರಿಗೆ ಹೊರಟರೆ ನಮಗೆ ತಿಳಿಸುತ್ತಾರೆ. ನಮಗೆ ಬೇಕಾಗಿರುವುದು ಅಷ್ಟೇ. ಹೊಸಬರು ಕೆಲವರು ಇದರಿಂದ ಹಿಂದೆ ಸರಿಯಬಹುದು. ಅದನ್ನು ತಿಳಿದೇ ಈ ತೀರ್ಮಾನಕ್ಕೆ ಬಂದಿದ್ದೇವೆ. ಈಗಾಗಲೇ ಮೂರು ಸಲ ಪೆಟ್ಟಿಗೆ ಪಡೆದವರಿಂದ ಮುಂಗಡ ಕೇಳುವುದಿಲ್ಲ.

ಪೆಟ್ಟಿಗೆಗಳು ವಾಪಸಾಗುವುದಕ್ಕೆ ಗ್ರಾಹಕರು ಬೇಡವೆನ್ನುವುದೊಂದೇ ಕಾರಣವಲ್ಲ. ಹಲವು ಬಾರಿ ವಿಳಾಸವೇ ಕೈಕೊಡುತ್ತದೆ. ಬೆಂಗಳೂರಿನಲ್ಲಿ ‘4ನೇ ಕ್ರಾಸ್, ಜಯನಗರ’ ಎಂದಷ್ಟೇ ಬರೆದರೆ ಒಂದೊಂದು ಬ್ಲಾಕಿನಲ್ಲೂ ಹುಡುಕಬೇಕಾಗುತ್ತದೆ. 4ನೇ ಬ್ಲಾಕ್ ಬೇರೆ, 4ನೇ ಟಿ ಬ್ಲಾಕ್ ಬೇರೆ. ಮನೆ ಸಂಖ್ಯೆ, ಕ್ರಾಸ್, ಮೇನ್, ಬ್ಲಾಕ್ ನಾಲ್ಕನ್ನೂ ಬರೆದು, ಹತ್ತಿರದ ಗುಡಿಯನ್ನೋ ಶಾಲೆಯನ್ನೋ ಹೆಸರಿಸಿ. ಪಿನ್ ಕೋಡ್ ಅನ್ನು ಇನ್ನೊಮ್ಮೆ ನೋಡಿ. ಕೊರಿಯರ್ ಗೋದಾಮಿನಲ್ಲಿ ಪೆಟ್ಟಿಗೆಗಳು ವಿಂಗಡಣೆಯಾಗುವುದು ಪಿನ್ ಕೋಡ್ ನೋಡಿಯೇ. ಮನೆ ಬದಲಿಸಿದವರು ಹಳೆಯ ಪಿನ್ ಅನ್ನೇ ಉಳಿಸಿಕೊಂಡರೆ ಪೆಟ್ಟಿಗೆ ಹಳೆಯ ಬಡಾವಣೆಗೆ ಹೋಗಿ, ‘ವಿಳಾಸ ಸಿಗಲಿಲ್ಲ’ ಎಂಬ ಷರಾ ಹೊತ್ತು ನಿಲ್ಲುತ್ತದೆ.

ಇನ್ನೊಂದು ತೊಡಕು ಮನೆಯೊಳಗಿನದು. ಆರ್ಡರ್ ಮಾಡಿದ ಸೊಸೆ ಕಚೇರಿಯಲ್ಲಿ, ಬಾಗಿಲು ತೆರೆದ ಅತ್ತೆಗೆ ಸುದ್ದಿಯೇ ಗೊತ್ತಿಲ್ಲ. ಕೇಳದೆಯೇ ಪೊಟ್ಟಣ ಕಳುಹಿಸಿ ಹಣ ಕೀಳುವ ವಂಚಕರ ಸುದ್ದಿ ಓದಿದ ಹಿರಿಯರು ಬೇಡವೆಂದು ಕಳುಹಿಸುತ್ತಾರೆ. ಅವರದು ಸರಿಯಾದ ಎಚ್ಚರವೇ. ಹಾಗಾಗಿ ಪೆಟ್ಟಿಗೆಯ ಮೇಲೆ ಸಂಘದ ಹೆಸರು, ಒಳಗೇನಿದೆ, ಕೊಡಬೇಕಾದ ಹಣವೆಷ್ಟು ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸುತ್ತಿದ್ದೇವೆ. ನೀವು ಮನೆಯಲ್ಲಿ ಒಂದು ಮಾತು ಹೇಳಿಡಿ. ಮನೆಯಲ್ಲಿರುವವರ ಮೊಬೈಲ್ ಸಂಖ್ಯೆಯನ್ನೂ ಎರಡನೆಯದಾಗಿ ಕೊಡಿ.

ಆರ್ಡರ್ ಬಂದ ದಿನ ಸಂಘದಿಂದ ನಿಮಗೆ ಕರೆ ಅಥವಾ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ. ನೀವು ಹೌದೆಂದ ಮೇಲೆಯೇ ನಿಮ್ಮ ರೊಟ್ಟಿಯ ಹಿಟ್ಟು ನಾದುತ್ತೇವೆ. ಆ ಕರೆಯಲ್ಲಿ ಒಟಿಪಿಯನ್ನಾಗಲಿ ಯುಪಿಐ ಪಿನ್ ಅನ್ನಾಗಲಿ ನಾವು ಕೇಳುವುದಿಲ್ಲ. ನಾವು ಹಣ ಮರಳಿಸುವಾಗಲೂ ನೀವು ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಕೇಳಿದರೆ ಅವರು ನಮ್ಮವರಲ್ಲ.

ಪೆಟ್ಟಿಗೆ ನಿಮ್ಮೂರಿಗೆ ಬಂದ ಮೇಲೆ ಮೊದಲ ದಿನವೇ ಮುಖ್ಯ. ತಲುಪಿಸಲಾಗದಿದ್ದರೆ ಕೊರಿಯರ್‌ನವರು ಕಾರಣ ನಮೂದಿಸುತ್ತಾರೆ, ಅದು ನಮ್ಮ ಕಂಪ್ಯೂಟರಿನಲ್ಲಿ ಕಾಣುತ್ತದೆ. ನಾವು ಬೇಗ ಉತ್ತರಿಸಿದರೆ ಮತ್ತೆ ಪ್ರಯತ್ನಿಸುತ್ತಾರೆ, ಸಾಮಾನ್ಯವಾಗಿ ಒಟ್ಟು ಮೂರು ಸಲ. ಉತ್ತರ ಹೋಗದಿದ್ದರೆ ಪೆಟ್ಟಿಗೆ ತಾನಾಗಿ ವಾಪಸು ಹೊರಡುತ್ತದೆ, ಆಮೇಲೆ ಅದನ್ನು ತಡೆಯುವುದು ಬಹಳ ಕಷ್ಟ. ಸಂಜೆಯಾದರೂ ಚೀಲ ಖಾಲಿಯಾಗದ ಹುಡುಗ ನಿಮ್ಮ ಬೀದಿಗೇ ಬಾರದೆ ‘ಗ್ರಾಹಕರು ನಿರಾಕರಿಸಿದ್ದಾರೆ’ ಎಂದು ಬರೆಯುವುದೂ ಉಂಟು. ದಿನಕ್ಕೆ ಅವರ ಮೇಲೆ ಹೇರುವ ಪೊಟ್ಟಣಗಳ ಹೊರೆಯೂ ಕಡಿಮೆಯಲ್ಲ. ಇನ್ನು ಮೇಲೆ ಅಂಥ ಷರಾ ಕಂಡ ಕೂಡಲೇ ನಾವು ನಿಮಗೆ ಕೇಳುತ್ತೇವೆ. ‘ಯಾರೂ ಬಂದಿಲ್ಲ, ಬೇಕು’ ಎಂದು ಅಂದೇ ಒಂದು ಸಾಲು ಬರೆದರೆ ಅದನ್ನೇ ತೋರಿಸಿ ಕೊರಿಯರ್‌ನವರಲ್ಲಿ ಆಗ್ರಹಿಸಲು ನಮಗೆ ಆಧಾರ ಸಿಗುತ್ತದೆ.

ಹಣ ಕೊಡುವ ಮೊದಲು ಪೆಟ್ಟಿಗೆ ಬಿಚ್ಚಿ ನೋಡಬೇಕೆಂದು ಹಲವರು ಕೇಳಿದ್ದೀರಿ. ನಮ್ಮ ಕೊರಿಯರ್‌ನವರು ಅದಕ್ಕೆ ಒಪ್ಪುವುದಿಲ್ಲ. ಅದರ ಬದಲು ಮುಚ್ಚುವ ಮುನ್ನ ನಿಮ್ಮ ಪೆಟ್ಟಿಗೆಯ ಫೋಟೊ ಕಳುಹಿಸುತ್ತೇವೆ. ತೆರೆದಾಗ ರೊಟ್ಟಿ ಮುರಿದಿದ್ದರೆ ನೀವೂ ಫೋಟೊ ಕಳುಹಿಸಿ. ಮುರಿದಷ್ಟು ರೊಟ್ಟಿಯ ಹಣವನ್ನು ಮರಳಿಸುತ್ತೇವೆ, ಚೂರುಗಳನ್ನು ಹಿಂದಿರುಗಿಸಬೇಕಾಗಿಲ್ಲ.

ಖಾಸಗಿ ಕೊರಿಯರ್ ಹೋಗದ ಹಳ್ಳಿಗಳಿಗೆ ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್‌ನಲ್ಲೇ ಕಳುಹಿಸುತ್ತೇವೆ. ಆ ಆರ್ಡರ್‌ಗಳಿಗೆ ಪೂರ್ತಿ ಹಣವನ್ನು ಮೊದಲೇ ಪಡೆಯಬೇಕಾಗುತ್ತದೆ. ಯುಪಿಐ ಬಳಸದವರು ಮಕ್ಕಳಿಂದಲೋ ನೆರೆಯವರಿಂದಲೋ ಹಣ ಹಾಕಿಸಿ ಫೋನ್ ಮಾಡಿದರೆ ಸಾಕು.

ಹಿಟ್ಟು ನಾದುವ ಮುಂಚೆ ಆರ್ಡರ್ ರದ್ದು ಮಾಡಿದರೆ ಮುಂಗಡ ಪೂರ್ತಿ ಮರಳುತ್ತದೆ. ಪೆಟ್ಟಿಗೆ ಹೊರಟ ಮೇಲೆ ಬೇಡವೆಂದರೆ ಅದು ಕೊರಿಯರ್ ಬಾಡಿಗೆಗೆ ಹೋಗುತ್ತದೆ. ಈ ತಿಂಗಳ ಕೊನೆಯವರೆಗೆ ಬಂದ ಆರ್ಡರ್‌ಗಳು ಹಳೆಯ ಪದ್ಧತಿಯಲ್ಲೇ ತಲುಪುತ್ತವೆ.

ಇಂತಿ,
ಕಾರ್ಯದರ್ಶಿ
(ಸಂಘದ ಎಲ್ಲ ಸದಸ್ಯೆಯರ ಪರವಾಗಿ)