ಒಂದೇ ಊರು, ಬೇರೆ ಬೇರೆ ದಿನ

ಮಾನ್ಯ ಸಂಪಾದಕರೇ,

ಉಸಿರಾಟದ ಕಾಯಿಲೆಗೆ ಧೂಮಪಾನವೇ ಕಾರಣ, ಹೊಗೆಗಾಳಿಯನ್ನು ದೂರುವುದೇಕೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಕಾಲಸರಣಿ ಅಧ್ಯಯನಕ್ಕೆ ಈ ಆಕ್ಷೇಪ ಅಷ್ಟಾಗಿ ತಟ್ಟದು. ಅದು ಒಂದು ಊರಿನಲ್ಲಿ ಗಾಳಿ ಹೆಚ್ಚು ಕೆಟ್ಟಿದ್ದ ದಿನಗಳ ಆಸ್ಪತ್ರೆ ದಾಖಲಾತಿಯನ್ನು ಅದೇ ಊರಿನ ಬೇರೆ ದಿನಗಳ ಜೊತೆ ಹೋಲಿಸುತ್ತದೆ. ಧೂಮಪಾನಿಗಳ ಸಂಖ್ಯೆ ಸೋಮವಾರದಿಂದ ಮಂಗಳವಾರಕ್ಕೆ ಏರಿಳಿಯುವುದಿಲ್ಲ.

ನಿಜವಾದ ತೊಡಕು ಋತುಮಾನದ್ದು. ಚಳಿಗಾಲದಲ್ಲಿ ದೂಳೂ ಹೆಚ್ಚು, ಫ್ಲೂ ಕೂಡ ಹೆಚ್ಚು. ಹಾಗಾಗಿ ಋತು, ಉಷ್ಣಾಂಶ, ವಾರದ ದಿನ ಇವುಗಳ ಪ್ರಭಾವವನ್ನು ಲೆಕ್ಕದಿಂದ ಬೇರ್ಪಡಿಸಲೇಬೇಕು. ಪರಿಣಾಮ ಕೆಲವು ದಿನ ತಡವಾಗಿಯೂ ಕಾಣುವುದರಿಂದ ಹಿಂದಿನ ದಿನಗಳ ದೂಳನ್ನೂ ಸೇರಿಸಬೇಕು.

ಗಾಳಿಯಲ್ಲಿನ ಅತಿ ಸೂಕ್ಷ್ಮ ದೂಳಾದ ಪಿಎಂ 2.5 ಘನ ಮೀಟರಿಗೆ 10 ಮೈಕ್ರೋಗ್ರಾಂ ಏರಿದಾಗ ದಾಖಲಾತಿ ಶೇ 1ರಷ್ಟು ಹೆಚ್ಚುತ್ತದೆ ಎಂದುಕೊಳ್ಳೋಣ. ದಿನಕ್ಕೆ 200 ಮಂದಿ ದಾಖಲಾಗುವಲ್ಲಿ 50 ಮೈಕ್ರೋಗ್ರಾಂ ಏರಿದರೆ ಸುಮಾರು 10 ಮಂದಿ ಹೆಚ್ಚಾಗುತ್ತಾರೆ. ವರ್ಷಗಟ್ಟಲೆ ಉಸಿರಾಡಿದ್ದರಿಂದಾದ ಹಾನಿ ಇದರಲ್ಲಿ ಸೇರಿಲ್ಲ. ಈ 10ನ್ನೇ ಒಟ್ಟು ಹಾನಿ ಎಂದು ದಯವಿಟ್ಟು ವರದಿ ಮಾಡಬೇಡಿ.

– ಸಾರ್ವಜನಿಕ ಆರೋಗ್ಯ ಸಂಶೋಧಕರು